ಕತ್ತಲ ದೃಶ್ಯದಲ್ಲಿ ಚೌಕಗಳೇಕೆ ಕಾಣುತ್ತವೆ?

2019ರ ಏಪ್ರಿಲ್ 28ರ ರಾತ್ರಿ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಕೊನೆಯ ಸೀಸನ್ನಿನ ಮೂರನೇ ಕಂತು ಪ್ರಸಾರವಾಯಿತು. ‘ದಿ ಲಾಂಗ್ ನೈಟ್’ ಎಂದು ಅದರ ಹೆಸರು. ಸತ್ತವರ ಸೈನ್ಯ ವಿಂಟರ್‌ಫೆಲ್ ಕೋಟೆಯ ಮೇಲೆ ಎರಗುವ ಒಂದು ರಾತ್ರಿಯ ಕಾಳಗವೇ ಇಡೀ ಕಂತು. ಆ ಹೊತ್ತಿಗೆ ಭಾರತದಲ್ಲಿ ಸೋಮವಾರದ ಬೆಳಗಿನ ಆರೂವರೆ. ಇಲ್ಲಿನ ಅಭಿಮಾನಿಗಳು ಕೆಲಸಕ್ಕೆ ಹೊರಡುವ ಮುನ್ನವೇ ಹಾಟ್‌ಸ್ಟಾರ್ ತೆರೆದು ಕೂತಿದ್ದರು. ಸುಮಾರು 82 ನಿಮಿಷಗಳ ಆ ಕಂತು ಇನ್ನೂ ಮುಗಿಯುವ ಮೊದಲೇ ಟ್ವಿಟರ್‌ನಲ್ಲಿ ದೂರುಗಳ ಸುರಿಮಳೆಯಾಯಿತು: ‘ಏನೂ ಕಾಣಿಸುತ್ತಿಲ್ಲ.’

ಅದರ ಜೊತೆಗೇ ಇನ್ನೊಂದು ದೂರು ಕೇಳಿಬಂತು. ಕತ್ತಲೆ ಇದ್ದರೆ ಇರಲಿ, ಆದರೆ ಆ ಕತ್ತಲೆಯೂ ಕತ್ತಲೆಯಂತಿರಲಿಲ್ಲ. ಹಿಮಗಾಳಿಯ ಮಬ್ಬು ನಯವಾಗಿ ಹರಡಬೇಕಾದ ಕಡೆ ಕಂದು-ಕಪ್ಪು ಪಟ್ಟೆಗಳು ಎದ್ದು ಕಾಣುತ್ತಿದ್ದವು. ಪಟ್ಟೆಗಳ ಅಂಚು ಸುಣ್ಣ ಉದುರಿದ ಗೋಡೆಯ ಹಾಗೆ ಚೌಕ ಚೌಕವಾಗಿ ಒಡೆದಿತ್ತು. ಕೆಲವು ಸೆಕೆಂಡುಗಳಿಗೊಮ್ಮೆ ಇಡೀ ಕತ್ತಲೆ ಒಮ್ಮೆ ಅದುರಿ, ಹೊಸ ಚೌಕಗಳಾಗಿ ಜೋಡಣೆಯಾಗುತ್ತಿತ್ತು.

ಆ ಕಂತಿನ ಛಾಯಾಗ್ರಾಹಕ ಫೇಬಿಯನ್ ವಾಗ್ನರ್. ದೃಶ್ಯಗಳು ಕತ್ತಲಾಗಿರಬೇಕೆಂದೇ ತಾವು ಹಾಗೆ ಚಿತ್ರಿಸಿದ್ದೆಂದು ಅವರು ಸಂದರ್ಶನಗಳಲ್ಲಿ ಹೇಳಿದರು. ಬಹಳ ಜನರಿಗೆ ತಮ್ಮ ಟಿವಿಯನ್ನು ಸರಿಯಾಗಿ ಹೊಂದಿಸಿಕೊಳ್ಳಲು ಬರುವುದಿಲ್ಲ, ಬೆಳಕಿರುವ ಕೋಣೆಯಲ್ಲಿ ಸಣ್ಣ ಪರದೆಯ ಮೇಲೆ ನೋಡಿದರೆ ಇಂಥ ಕಂತಿಗೆ ನ್ಯಾಯ ಸಿಗುವುದಿಲ್ಲ ಎಂಬುದು ಅವರ ವಾದವಾಗಿತ್ತು. ವೀಡಿಯೊವನ್ನು ಕುಗ್ಗಿಸುವ ಕಂಪ್ರೆಷನ್ನಿನ ಮೇಲೂ ಅವರು ಬೊಟ್ಟು ಮಾಡಿದರು. ನೋಡುಗರು ಮಾತ್ರ ಒಪ್ಪಲಿಲ್ಲ: ಬೇರೆಲ್ಲ ಕಾರ್ಯಕ್ರಮಗಳೂ ಚೆನ್ನಾಗಿ ಕಾಣುವ ಟಿವಿ ಇದೊಂದಕ್ಕೆ ಮಾತ್ರ ಕೆಟ್ಟುಹೋಯಿತೇ ಎಂದು ಕೇಳಿದರು.

ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿತ್ತು. ಚೌಕಗಳು ಹುಟ್ಟುವುದು ಕಂಪ್ರೆಷನ್ನಿನಲ್ಲಿ. ಅವು ಕಣ್ಣಿಗೆ ಬೀಳುವುದೋ ಬಿಡುವುದೋ ಬಹುಪಾಲು ನಿರ್ಧಾರವಾಗುವುದು ಮನೆಯ ಟಿವಿಯ ಸೆಟ್ಟಿಂಗ್‌ನಲ್ಲಿ. ಇದು ಆ ಒಂದು ಕಂತಿಗೆ ಸೀಮಿತವಾದ ಸಂಗತಿಯಲ್ಲ. ರಾತ್ರಿಯ ಆಕಾಶ, ನೀರಿನಾಳ, ಮಂಜು, ಹೊಗೆ, ಮೊಂಬತ್ತಿಯ ಬೆಳಕು ಬೀಳುವ ಗೋಡೆ ಇರುವ ಯಾವುದೇ ಚಿತ್ರವನ್ನು ಇಂಟರ್ನೆಟ್ಟಿನಲ್ಲಿ ನೋಡುವಾಗಲೂ ನಡೆಯುವುದು ಇದೇ.

ಕತ್ತಲಿಗೆ ಸಿಗುವ ಮೆಟ್ಟಿಲುಗಳು

ಡಿಜಿಟಲ್ ಚಿತ್ರದಲ್ಲಿ ಬೆಳಕು ನಿರಂತರವಾಗಿ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸಾಮಾನ್ಯ 8 ಬಿಟ್ ವೀಡಿಯೊದಲ್ಲಿ ಅಪ್ಪಟ ಕಪ್ಪಿಗೆ 16 ಎಂಬ ಸಂಖ್ಯೆ, ಅಪ್ಪಟ ಬಿಳುಪಿಗೆ 235. ನಡುವೆ ಇರುವುದು 219 ಮೆಟ್ಟಿಲು. ಹಗಲಿನ ದೃಶ್ಯಕ್ಕೆ ಇಷ್ಟು ಧಾರಾಳವಾಗಿ ಸಾಕು. ಏಕೆಂದರೆ ಅಲ್ಲಿ ಎಲೆ, ಬಟ್ಟೆ, ಮುಖ, ಕಟ್ಟಡಗಳ ವಿವರಗಳು ತುಂಬಿರುತ್ತವೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಎಲ್ಲಿ ಹಾರಿದರೂ ಗೊತ್ತಾಗುವುದಿಲ್ಲ.

ರಾತ್ರಿಯ ದೃಶ್ಯದ ಕಥೆ ಬೇರೆ. ಪರದೆಯ ಗರಿಷ್ಠ ಬೆಳಕಿನ ನೂರನೇ ಒಂದು ಭಾಗದೊಳಗೇ ದೃಶ್ಯದ ಬಹುಭಾಗ ಅಡಗಿದೆ ಎಂದುಕೊಳ್ಳಿ. ಟಿವಿಗಳ ಸಾಮಾನ್ಯ ಮಾನದಂಡವಾದ 2.4 ಗಾಮಾದ ಲೆಕ್ಕದಲ್ಲಿ ಆ ಭಾಗಕ್ಕೆ ಸಿಗುವುದು ಸುಮಾರು 32 ಮೆಟ್ಟಿಲು ಮಾತ್ರ. ಕೋಟೆಯ ಹೊರಗಿನ ಮಂಜು ಪರದೆಯ ಎಡತುದಿಯಿಂದ ಬಲತುದಿಗೆ ನಿಧಾನವಾಗಿ ತಿಳಿಯಾಗುತ್ತ ಹೋಗುವಾಗ ಅದರಲ್ಲಿ ಹನ್ನೆರಡು ಮೆಟ್ಟಿಲನ್ನಷ್ಟೇ ಬಳಸಿತು ಎನ್ನೋಣ. ಎಚ್‌ಡಿ ಚಿತ್ರದ ಅಗಲ 1920 ಪಿಕ್ಸೆಲ್. ಹನ್ನೆರಡಕ್ಕೆ ಹಂಚಿದರೆ ಒಂದೊಂದು ಪಟ್ಟೆಯ ಅಗಲ 160 ಪಿಕ್ಸೆಲ್. 43 ಇಂಚಿನ ಟಿವಿಯ ಮೇಲೆ ಅದು ಸುಮಾರು ಎಂಟು ಸೆಂಟಿಮೀಟರ್, ಅಂದರೆ ಅಂಗೈಯಷ್ಟು ಅಗಲ. ನಯವಾದ ಮಂಜು ಹೋಗಿ, ಅಂಗೈ ಅಗಲದ ಹನ್ನೆರಡು ಪಟ್ಟೆಗಳು ಸಾಲಾಗಿ ನಿಲ್ಲುತ್ತವೆ. ಈ ವಿದ್ಯೆಯವರು ಇದನ್ನು ಬ್ಯಾಂಡಿಂಗ್ ಎನ್ನುತ್ತಾರೆ.

10 ಬಿಟ್ ವೀಡಿಯೊದಲ್ಲಿ ಅದೇ ಹರವಿಗೆ ನಾಲ್ಕು ಪಟ್ಟು ಮೆಟ್ಟಿಲು ಸಿಗುತ್ತವೆ. ಹನ್ನೆರಡರ ಜಾಗದಲ್ಲಿ ನಲವತ್ತೆಂಟು. ಪಟ್ಟೆಯ ಅಗಲ ಎರಡೇ ಸೆಂಟಿಮೀಟರ್. ಒಂದು ಪಟ್ಟೆಗೂ ಪಕ್ಕದ್ದಕ್ಕೂ ಇರುವ ಬೆಳಕಿನ ಅಂತರವೂ ಕಾಲು ಭಾಗಕ್ಕೆ ಇಳಿಯುತ್ತದೆ. ಕಣ್ಣು ಅದನ್ನು ಹೆಚ್ಚುಕಡಿಮೆ ನಯವೆಂದೇ ಒಪ್ಪಿಕೊಳ್ಳುತ್ತದೆ.

ಇಷ್ಟಾದರೂ ಇದು ಪಟ್ಟೆಗಳ ಮಾತಾಯಿತೇ ಹೊರತು ಚೌಕಗಳ ಮಾತಾಗಲಿಲ್ಲ. ಮೆಟ್ಟಿಲು ಕಡಿಮೆ ಇರುವುದೊಂದೇ ಕಾರಣವಾಗಿದ್ದರೆ, ಪಟ್ಟೆಗಳ ಅಂಚು ಮಂಜಿನ ಆಕಾರವನ್ನೇ ಅನುಸರಿಸಿ ಬಾಗಿ ಬಳುಕಬೇಕಿತ್ತು. ಅಂಚು ನೇರವಾಗಿ, ಮೂಲೆ ಮೂಲೆಯಾಗಿ ಕಾಣುತ್ತಿದೆ ಎಂದರೆ ಅಲ್ಲಿ ಕಂಪ್ರೆಷನ್ ಕೈಯಾಡಿಸಿದೆ ಎಂದೇ ಅರ್ಥ.

ಐದನ್ನು ಸೊನ್ನೆ ಮಾಡುವ ಲೆಕ್ಕ

ಕುಗ್ಗಿಸದ ಎಚ್‌ಡಿ ವೀಡಿಯೊ ಸೆಕೆಂಡಿಗೆ ಸುಮಾರು 600 ಮೆಗಾಬಿಟ್ ಬೇಡುತ್ತದೆ. ಸ್ಟ್ರೀಮಿಂಗ್‌ನಲ್ಲಿ ಅದಕ್ಕೆ ಸಿಗುವುದು ಐದು ಮೆಗಾಬಿಟ್ಟಿನ ಆಸುಪಾಸು. ನೂರಿಪ್ಪತ್ತು ಪಾಲಿನಲ್ಲಿ ಒಂದು ಪಾಲನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಬಿಡಬೇಕು. ಏನನ್ನು ಬಿಟ್ಟರೆ ನೋಡುಗನಿಗೆ ಗೊತ್ತಾಗುವುದಿಲ್ಲ ಎಂದು ಊಹಿಸುವುದೇ ಕುಗ್ಗಿಸುವ ತಂತ್ರಾಂಶದ, ಅಂದರೆ ಎನ್‌ಕೋಡರ್‌ನ ಕೆಲಸ.

ಅದು ಚಿತ್ರವನ್ನು ಮೊದಲು ಚೌಕಗಳಾಗಿ ಹೆಚ್ಚುತ್ತದೆ. 2003ರಲ್ಲಿ ಬಂದು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಎಚ್.264 ವಿಧಾನದಲ್ಲಿ ಮೂಲ ಚೌಕ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ಅದರೊಳಗೆ 8 ಅಥವಾ 4 ಪಿಕ್ಸೆಲ್ಲಿನ ಸಣ್ಣ ಚೌಕಗಳಲ್ಲಿ ಲೆಕ್ಕ ನಡೆಯುತ್ತದೆ. ಪ್ರತಿ ಚೌಕವನ್ನೂ ಎನ್‌ಕೋಡರ್ ಎರಡು ಬಗೆಯ ಸಂಖ್ಯೆಗಳಲ್ಲಿ ಬರೆದುಕೊಳ್ಳುತ್ತದೆ. ಮೊದಲನೆಯದು ಇಡೀ ಚೌಕದ ಸರಾಸರಿ ಬೆಳಕು. ಉಳಿದವು ಆ ಸರಾಸರಿಯಿಂದ ಬೆಳಕು ಎತ್ತ ಏರಿತು, ಎತ್ತ ಇಳಿಯಿತು, ಎಷ್ಟು ಬೇಗ ಬದಲಾಯಿತು ಎಂಬುದನ್ನು ಹೇಳುವ ಸಂಖ್ಯೆಗಳು. ನಂತರ ಪ್ರತಿ ಸಂಖ್ಯೆಯನ್ನೂ ಒಂದು ನಿಗದಿತ ಅಳತೆಯಿಂದ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದು ನಿಲ್ಲಿಸುತ್ತದೆ. ನಷ್ಟವಾಗುವುದು ಈ ಹೆಜ್ಜೆಯಲ್ಲೇ.

ಮಂಜಿನ ಒಂದು ಪುಟ್ಟ ಚೌಕವನ್ನೇ ಎತ್ತಿಕೊಳ್ಳೋಣ. 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರ. ಎಡ ಅಂಚಿನಲ್ಲಿ ಬೆಳಕಿನ ಸಂಖ್ಯೆ 22, ಬಲ ಅಂಚಿನಲ್ಲಿ 24. ಸರಾಸರಿ 23. ಎಡದಿಂದ ಬಲಕ್ಕೆ ಬೆಳಕು ನಿಧಾನವಾಗಿ ಏರುತ್ತಿದೆ ಎಂಬ ಸುದ್ದಿಯನ್ನು ಹೊತ್ತ ಸಂಖ್ಯೆ ಲೆಕ್ಕ ಹಾಕಿದರೆ ಐದಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ. ಮಧ್ಯಮ ಗುಣಮಟ್ಟದ ಎಚ್.264 ವೀಡಿಯೊದಲ್ಲಿ ಭಾಗಿಸುವ ಅಳತೆ 16 ಇರುವುದು ತೀರ ಸಾಮಾನ್ಯ. ಐದನ್ನು ಹದಿನಾರರಿಂದ ಭಾಗಿಸಿದರೆ ಬರುವುದು ಮೂರನೇ ಒಂದು ಭಾಗ. ಹತ್ತಿರದ ಪೂರ್ಣಾಂಕ ಸೊನ್ನೆ. ಅಲ್ಲಿಗೆ ಏರಿಳಿತದ ಸುದ್ದಿ ಅಳಿಸಿಹೋಯಿತು. ಉಳಿದದ್ದು ಸರಾಸರಿ ಮಾತ್ರ. ನಯವಾಗಿ ಏರುತ್ತಿದ್ದ ಚೌಕ ಒಂದೇ ಬಣ್ಣದ ಹಲಗೆಯಾಯಿತು.

ಪಕ್ಕದ ಚೌಕದಲ್ಲಿ ಬೆಳಕು 24ರಿಂದ 26ಕ್ಕೆ ಏರುತ್ತಿತ್ತು. ಅದಕ್ಕೂ ಇದೇ ಗತಿ. ಅದು 25ರ ಆಸುಪಾಸಿನ ಇನ್ನೊಂದು ಹಲಗೆ. ಎರಡರ ನಡುವಿನ ಗಡಿಯಲ್ಲಿ ಈಗ ಎರಡು ಮೆಟ್ಟಿಲಿನಷ್ಟು ನೇರ ಜಿಗಿತ. ಮೂಲ ಚಿತ್ರದಲ್ಲಿ ಎಲ್ಲೂ ಇಲ್ಲದಿದ್ದ ಗೆರೆಯೊಂದು ಹುಟ್ಟಿದ್ದು ಹೀಗೆ. ನಿಜವಾದ ಎನ್‌ಕೋಡರ್ ಅಕ್ಕಪಕ್ಕದ ಚೌಕಗಳನ್ನು ನೋಡಿ ಮೊದಲು ಒಂದು ಅಂದಾಜು ಮಾಡಿ, ಅಂದಾಜಿಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಹೀಗೆ ಭಾಗಿಸುತ್ತದೆ. ಚೌಕಗಳ ಗಡಿಯನ್ನು ತೀಡಿ ನಯಗೊಳಿಸುವ ಒಂದು ಶೋಧಕವೂ ಎಚ್.264ರಲ್ಲೇ ಸೇರಿದೆ. ಆದ್ದರಿಂದ ಎಲ್ಲ ಗಡಿಗಳೂ ಇಷ್ಟು ಒರಟಾಗಿ ಕಾಣುವುದಿಲ್ಲ. ಆದರೆ ಅಳಿಸಿಹೋದ ಏರಿಳಿತವನ್ನು ಆ ಶೋಧಕ ಮರಳಿ ತರಲಾರದು. ಅದು ಗಡಿಯ ಕೆಲವೇ ಪಿಕ್ಸೆಲ್ಲುಗಳನ್ನು ಮುಟ್ಟುತ್ತದೆ; ಚೌಕದ ನಡುಭಾಗ ಹಲಗೆಯಾಗಿಯೇ ಉಳಿಯುತ್ತದೆ.

ಕತ್ತಲೆಗೇ ಈ ಪೆಟ್ಟು ಹೆಚ್ಚು ಬೀಳಲು ಕಾರಣವಿದೆ. ಎನ್‌ಕೋಡರ್ ತನ್ನ ತಪ್ಪನ್ನು ಅಳೆಯುವುದು ಸಂಖ್ಯೆಗಳ ವ್ಯತ್ಯಾಸದಲ್ಲಿ. ಕುದುರೆಯ ಕೇಸರದಲ್ಲಿ, ಹಾರುವ ಕಿಡಿಯಲ್ಲಿ ತಪ್ಪಿದರೆ ಹತ್ತಾರು ಅಂಕಗಳ ವ್ಯತ್ಯಾಸ ಬರುತ್ತದೆ. ಮಂಜಿನಲ್ಲಿ ತಪ್ಪಿದರೆ ಬರುವುದು ಒಂದೋ ಎರಡೋ ಅಂಕ. ಹಾಗಾಗಿ ಇರುವ ಬಿಟ್ಟುಗಳನ್ನು ಅದು ಕೇಸರಕ್ಕೂ ಕಿಡಿಗೂ ಕೊಡುತ್ತದೆ, ಮಂಜಿಗೆ ಮಿಕ್ಕಿದ್ದಷ್ಟೇ ಸಿಗುತ್ತದೆ. ‘ದಿ ಲಾಂಗ್ ನೈಟ್’ ಈ ದೃಷ್ಟಿಯಿಂದ ಎನ್‌ಕೋಡರ್‌ಗೆ ಒಡ್ಡಿದ ಅತಿ ಕಠಿಣ ಪರೀಕ್ಷೆ. ಡೊತ್ರಾಕಿ ಸವಾರರು ಉರಿಯುವ ಕತ್ತಿಗಳನ್ನು ಹಿಡಿದು ಕತ್ತಲೊಳಗೆ ನುಗ್ಗುತ್ತಾರೆ. ದೂರದಲ್ಲಿ ಬೆಂಕಿಯ ಚುಕ್ಕೆಗಳು ಒಂದೊಂದಾಗಿ ನಂದುತ್ತವೆ. ಸಾವಿರಾರು ಚಲಿಸುವ ಆಕೃತಿಗಳು, ಬೆಂಕಿ, ಹಾರುವ ಹಿಮ, ಅವುಗಳ ಹಿಂದೆಲ್ಲ ವಿಶಾಲವಾದ ಮಸುಕು. ಬಿಟ್ಟುಗಳನ್ನು ನುಂಗುವ ಸಂಗತಿಗಳೂ, ಬಿಟ್ಟು ಸಿಗದೆ ಒಡೆಯುವ ಸಂಗತಿಗಳೂ ಒಂದೇ ಚೌಕಟ್ಟಿನಲ್ಲಿದ್ದವು.

ಕತ್ತಲೆ ಆಗಾಗ ಅದುರುವುದಕ್ಕೆ ಕಾರಣವೂ ಇಲ್ಲೇ ಇದೆ. ಪ್ರತಿ ಫ್ರೇಮನ್ನೂ ಹೊಸದಾಗಿ ಬರೆಯುವಷ್ಟು ಬಿಟ್ಟು ಇರುವುದಿಲ್ಲ. ಆದ್ದರಿಂದ ಎನ್‌ಕೋಡರ್ ಒಂದು ಕೀ ಫ್ರೇಮನ್ನು ಪೂರ್ತಿಯಾಗಿ ಬರೆದು, ಮುಂದಿನ ಫ್ರೇಮುಗಳಲ್ಲಿ ಬದಲಾದದ್ದನ್ನು ಮಾತ್ರ ದಾಖಲಿಸುತ್ತದೆ. ಮಂಜಿನ ನಿಧಾನ ಚಲನೆ ಅದರ ಕಣ್ಣಿಗೆ ಬದಲಾವಣೆಯೇ ಅಲ್ಲ. ‘ಹಿಂದಿನದನ್ನೇ ನಕಲು ಮಾಡು’ ಎಂದು ಬರೆದು ಮುಂದೆ ಹೋಗುತ್ತದೆ. ಮುಂದಿನ ಕೀ ಫ್ರೇಮ್ ಬಂದಾಗ ಎಲ್ಲವನ್ನೂ ಹೊಸದಾಗಿ ಬರೆಯುವುದರಿಂದ ಹಲಗೆಗಳೆಲ್ಲ ಒಮ್ಮೆಲೇ ಜಾಗ ಬದಲಿಸಿದಂತೆ ಕಾಣುತ್ತದೆ. ಸ್ಟ್ರೀಮಿಂಗ್‌ನಲ್ಲಿ ಕೀ ಫ್ರೇಮುಗಳು ಕೆಲವೇ ಸೆಕೆಂಡುಗಳ ಅಂತರದಲ್ಲಿ ಬರುತ್ತವೆ. ಕತ್ತಲೆ ಒಂದೇ ಲಯದಲ್ಲಿ ಅದುರುತ್ತಿದ್ದರೆ ಅದು ಟಿವಿಯ ದೋಷವಲ್ಲ, ಬಂದ ವೀಡಿಯೊದ ದೋಷ.

ಗದ್ದಲ ಮಾಡುತ್ತಿದ್ದ ಉಪಕಾರ

ಕ್ಯಾಮೆರಾದಿಂದ ಬಂದ ಮೂಲ ಚಿತ್ರದಲ್ಲಿ ಈ ಪಟ್ಟೆಗಳು ಕಾಣದಿರಲು ಇನ್ನೊಂದು ಕಾರಣವಿತ್ತು. ಫಿಲ್ಮಿನಲ್ಲಿ ಗ್ರೇನ್ ಇರುತ್ತದೆ, ಡಿಜಿಟಲ್ ಕ್ಯಾಮೆರಾದ ಸೆನ್ಸರ್‌ನಲ್ಲೂ ಕತ್ತಲೆಯಲ್ಲಿ ಸಣ್ಣ ಕಾಳು ಕಾಳಾದ ಗದ್ದಲ ಇದ್ದೇ ಇರುತ್ತದೆ. 22ಕ್ಕೂ 23ಕ್ಕೂ ನಡುವಿನ ಬೆಳಕಿರುವ ಜಾಗದಲ್ಲಿ ಈ ಗದ್ದಲ ಕೆಲವು ಪಿಕ್ಸೆಲ್ಲುಗಳನ್ನು 22ಕ್ಕೂ ಕೆಲವನ್ನು 23ಕ್ಕೂ ಚೆದುರಿಸುತ್ತದೆ. ಕಣ್ಣು ದೂರದಿಂದ ಅವುಗಳ ಸರಾಸರಿ ತೆಗೆದುಕೊಂಡು ಇಪ್ಪತ್ತೆರಡೂವರೆಯನ್ನೇ ಕಾಣುತ್ತದೆ. ಮೆಟ್ಟಿಲಿನ ಅಂಚು ಕರಗಿಹೋಗುತ್ತದೆ.

ಇದನ್ನು ಬೇಕೆಂದೇ ಮಾಡಬಹುದು ಎಂದು ತೋರಿಸಿದವರಲ್ಲಿ ಮೊದಲಿಗರು ಲಾರೆನ್ಸ್ ರಾಬರ್ಟ್ಸ್. 1962ರಲ್ಲಿ ಪ್ರಕಟವಾದ ಅವರ ಪ್ರಬಂಧದ ವಿಷಯ, ಚಿತ್ರವನ್ನು ಕಡಿಮೆ ಬಿಟ್ಟುಗಳಿಗೆ ಇಳಿಸುವ ಮೊದಲು ಅದಕ್ಕೆ ಕೃತಕ ಗದ್ದಲ ಬೆರೆಸಿದರೆ ಪಟ್ಟೆಗಳು ಮಾಯವಾಗುತ್ತವೆ ಎಂಬುದು. ಇದೇ ರಾಬರ್ಟ್ಸ್ ಮುಂದೆ ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್ ಜಾಲದ ನಿರ್ಮಾಣದ ನೇತೃತ್ವ ವಹಿಸಿದರು. ಇಂದಿಗೂ ಚಿತ್ರದ ಅಂತಿಮ ಪ್ರತಿಯನ್ನು 8 ಬಿಟ್ಟಿಗೆ ಇಳಿಸುವಾಗ ತಂತ್ರಜ್ಞರು ಡಿದರಿಂಗ್ ಎಂಬ ಇದೇ ಉಪಾಯಕ್ಕೆ ಮೊರೆಹೋಗುತ್ತಾರೆ.

ಕಷ್ಟವೆಂದರೆ, ಎನ್‌ಕೋಡರ್‌ಗೆ ಗದ್ದಲವನ್ನು ಕಂಡರಾಗದು. ಗದ್ದಲಕ್ಕೆ ಕ್ರಮವಿಲ್ಲ, ಒಂದು ಫ್ರೇಮಿನದು ಇನ್ನೊಂದರಲ್ಲಿ ಇರುವುದಿಲ್ಲ. ಆದ್ದರಿಂದ ಅದನ್ನು ಅಂದಾಜಿಸುವುದೂ ನಕಲು ಮಾಡುವುದೂ ಅಸಾಧ್ಯ. ಬಿಟ್ಟು ಕಡಿಮೆಯಿದ್ದಾಗ ಮೊದಲು ಬಲಿಯಾಗುವುದು ಅದೇ. ಪಟ್ಟೆಗಳನ್ನು ಮರೆಸಿಟ್ಟಿದ್ದ ಕಾಳು ಉಜ್ಜಿಹೋದ ಕೂಡಲೇ ಅಡಿಯ ಮೆಟ್ಟಿಲುಗಳು ಬರಿದಾಗಿ ಎದ್ದು ನಿಲ್ಲುತ್ತವೆ. 40 ಮೆಗಾಬಿಟ್‌ವರೆಗೆ ವೀಡಿಯೊ ಹರಿಸಬಲ್ಲ ಬ್ಲೂ-ರೇ ಡಿಸ್ಕಿನಲ್ಲಿ ಅದೇ ದೃಶ್ಯ ಎಷ್ಟೋ ನಯವಾಗಿ ಕಾಣುವುದಕ್ಕೆ ಮುಖ್ಯ ಕಾರಣ ಇದು: ಅಲ್ಲಿ ಕಾಳನ್ನು ಉಳಿಸಿಕೊಳ್ಳುವಷ್ಟು ಜಾಗವಿದೆ. 4ಕೆ ಡಿಸ್ಕಿನಲ್ಲಿ ಅದರ ಮೇಲೆ 10 ಬಿಟ್ಟಿನ ಮೆಟ್ಟಿಲುಗಳೂ ಸಿಗುತ್ತವೆ.

ಕಣ್ಣೂ ತನ್ನ ಪಾಲು ಸೇರಿಸುತ್ತದೆ. ಬೇರೆ ಬೇರೆ ಬೆಳಕಿನ ಎರಡು ಸಪಾಟು ಪಟ್ಟೆಗಳು ಅಕ್ಕಪಕ್ಕ ಇದ್ದರೆ, ಗಡಿಯಲ್ಲಿ ತಿಳಿಯಾದದ್ದು ಇನ್ನಷ್ಟು ತಿಳಿಯಾಗಿ, ಗಾಢವಾದದ್ದು ಇನ್ನಷ್ಟು ಗಾಢವಾಗಿ ನಮಗೆ ಕಾಣುತ್ತದೆ. ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ 1865ರಲ್ಲಿ ಇದನ್ನು ವಿವರಿಸಿದ್ದರಿಂದ ಇವಕ್ಕೆ ಮಾಖ್ ಪಟ್ಟೆಗಳೆಂದೇ ಹೆಸರು. ಅಂಚುಗಳನ್ನು ಹುಡುಕಿ ಎತ್ತಿ ತೋರಿಸುವುದು ಕಣ್ಣಿನ ನರಗಳ ಸ್ವಭಾವ. ಒಂದೇ ಮೆಟ್ಟಿಲಿನ ವ್ಯತ್ಯಾಸವೂ ಉದ್ದಕ್ಕೂ ನೇರ ಗೆರೆಯಾಗಿ ನಿಂತಾಗ ಕಣ್ಣು ಅದನ್ನು ಬಿಡುವುದಿಲ್ಲ.

ಟಿವಿ ಎಲ್ಲಿ ಕೈ ಹಾಕುತ್ತದೆ?

ಈಗ ವಾಗ್ನರ್ ಅವರ ವಾದಕ್ಕೆ ಬರೋಣ. ಅಂಥವೇ 22 ಮತ್ತು 24ರ ಎರಡು ಹಲಗೆಗಳನ್ನು ಹಿಡಿದು ನೋಡಿದರೆ ಅವರ ಮಾತಿನ ತೂಕ ಗೊತ್ತಾಗುತ್ತದೆ. ಬೆಳಕನ್ನು ಅಳೆಯುವ ಮಾನ ನಿಟ್. ಗರಿಷ್ಠ 100 ನಿಟ್ ಬೆಳಕಿಗೆ ಸರಿಯಾಗಿ ಹೊಂದಿಸಿದ ಪರದೆಯಲ್ಲಿ ಈ ಎರಡು ಹಲಗೆಗಳ ಅಂತರ ಸುಮಾರು 0.018 ನಿಟ್. ಕೋಣೆಯಲ್ಲಿ ಒಂದು ಮಂದ ದೀಪವಿದ್ದು, ಅದರ ಬೆಳಕು ಪರದೆಯ ಮೇಲೆ ಬಿದ್ದು ಪ್ರತಿಫಲಿಸುತ್ತಿದ್ದರೆ ಸಾಕು, ಇಷ್ಟು ಸಣ್ಣ ಅಂತರ ಅದರಲ್ಲಿ ಮುಳುಗಿಹೋಗುತ್ತದೆ.

ಏನೂ ಕಾಣುತ್ತಿಲ್ಲವೆಂದು ನೋಡುಗ ರಿಮೋಟ್ ಎತ್ತಿಕೊಂಡು ಕಪ್ಪಿನ ಮಟ್ಟವನ್ನು ಹತ್ತು ಅಂಕ ಏರಿಸಿದ ಎನ್ನೋಣ. ಸಂಖ್ಯೆಗಳೆಲ್ಲ ಮೇಲಕ್ಕೆ ಸರಿದು 22 ಇದ್ದದ್ದು 32ರ ಹಾಗೆ, 24 ಇದ್ದದ್ದು 34ರ ಹಾಗೆ ಬೆಳಗುತ್ತದೆ. ಗಾಮಾದ ರೇಖೆ ಮೇಲೆ ಹೋದಷ್ಟೂ ಕಡಿದಾಗುವುದರಿಂದ ಅದೇ ಎರಡು ಮೆಟ್ಟಿಲಿನ ಅಂತರ ಈಗ ಸುಮಾರು 0.061 ನಿಟ್, ಮೊದಲಿನ ಮೂರೂವರೆ ಪಟ್ಟು. ಕೋಣೆಯ ಬೆಳಕಿನಲ್ಲಿ ಮುಳುಗಿದ್ದ ಹಲಗೆಗಳು ತಲೆ ಎತ್ತುತ್ತವೆ. ಎನ್‌ಕೋಡರ್ ‘ಇದು ಯಾರಿಗೂ ಕಾಣದು’ ಎಂದು ಲೆಕ್ಕ ಹಾಕಿ ಬಿಟ್ಟದ್ದನ್ನು ಟಿವಿ ಎತ್ತಿ ಹಿಡಿದು ತೋರಿಸಿದಂತಾಯಿತು. ಕತ್ತಲೆಯಲ್ಲಿ ಅಡಗಿದ್ದ ವಿವರ ಸಿಗಲೆಂದು ಏರಿಸಿದ್ದು; ಸಿಕ್ಕಿದ್ದು ಮಾತ್ರ ಚೌಕಗಳು. ಏಕೆಂದರೆ ಬಂದ ವೀಡಿಯೊದಲ್ಲಿ ಅಲ್ಲಿ ಬೇರೆ ವಿವರವೇ ಇರಲಿಲ್ಲ.

ಈ ತಪ್ಪಿಗೆ ದಾರಿ ಮಾಡಿಕೊಡುವುದರಲ್ಲಿ ಮೆನುಗಳ ಪಾಲೂ ಇದೆ. ಹಳೆಯ ಟಿವಿಗಳಲ್ಲಿ Brightness ಎಂಬುದು ಕಪ್ಪಿನ ಮಟ್ಟವನ್ನು ಏರಿಳಿಸುತ್ತಿತ್ತು. ಈಗಿನ ಸೋನಿ ಟಿವಿಗಳಲ್ಲಿ Brightness ಏರಿಸಿದರೆ ಇಡೀ ಪರದೆಯ ಬೆಳಕು ಹೆಚ್ಚುತ್ತದೆ; ಕಪ್ಪಿನ ಮಟ್ಟಕ್ಕೆ Black level ಎಂಬ ಬೇರೆಯೇ ಆಯ್ಕೆಯಿದೆ. ಎರಡರ ಪರಿಣಾಮ ಬೇರೆ. ಇಡೀ ಪರದೆಯ ಬೆಳಕನ್ನು ಹೆಚ್ಚಿಸಿದರೆ ಕಪ್ಪಿಗೂ ಬಿಳುಪಿಗೂ ಇರುವ ಸಂಬಂಧ ಕೆಡುವುದಿಲ್ಲ. ಕಪ್ಪಿನ ಮಟ್ಟವನ್ನು ಎತ್ತಿದರೆ ಕತ್ತಲೆಯೇ ಬೂದಿಯಾಗುತ್ತದೆ. ಹಗಲಿನಲ್ಲಿ ನೋಡುವವರು ಮುಟ್ಟಬೇಕಾದದ್ದು ಮೊದಲನೆಯದನ್ನು.

ಅಂಗಡಿಯಲ್ಲಿ ಕಣ್ಣು ಸೆಳೆಯಲೆಂದೇ ಇರುವ Vivid ಅಥವಾ Dynamic ಎಂಬ ಚಿತ್ರ ವಿಧಾನ ಇನ್ನೊಂದು ಬಗೆಯ ತೊಂದರೆ ತರುತ್ತದೆ. ಅದು ಪ್ರತಿ ದೃಶ್ಯವನ್ನೂ ಅಳೆದು, ಕತ್ತಲಾಗಿದ್ದರೆ ಇದ್ದಬದ್ದ ಮೆಟ್ಟಿಲುಗಳನ್ನು ಎಳೆದು ಹಿಗ್ಗಿಸುತ್ತದೆ. ಮೂವತ್ತೆರಡು ಮೆಟ್ಟಿಲಿನ ದೃಶ್ಯ ಐವತ್ತು ಮೆಟ್ಟಿಲಿನಷ್ಟು ಜಾಗಕ್ಕೆ ಹರಡಿದರೆ ನಡುವೆ ಖಾಲಿ ಬಿಡಲೇಬೇಕು. ಆ ಖಾಲಿಯೇ ಪಟ್ಟೆ. ಜೊತೆಗೆ Sharpness ಮೇಲಿದ್ದರೆ ಟಿವಿ ಅಂಚುಗಳನ್ನು ಹುಡುಕಿ ತೀಕ್ಷ್ಣಗೊಳಿಸುತ್ತದೆ. ಚೌಕದ ಗಡಿಗೂ ಕೋಟೆಯ ಗೋಡೆಯ ಗಡಿಗೂ ವ್ಯತ್ಯಾಸ ಅದಕ್ಕೆ ತಿಳಿಯದು.

ಮೂರನೆಯದು ಎಚ್‌ಡಿಎಂಐ ತಂತಿಯ ಮೂಲಕ ನೋಡುವವರನ್ನು ಕಾಡುವ ದೋಷ. ಸೆಟ್‌ಟಾಪ್ ಬಾಕ್ಸ್, ಸ್ಟಿಕ್ ಅಥವಾ ಲ್ಯಾಪ್‌ಟಾಪ್ ಕಪ್ಪನ್ನು 16 ಎಂದು ಕಳಿಸುತ್ತಿರುತ್ತದೆ. ಟಿವಿಗೆ ಮಾತ್ರ ಕಪ್ಪು ಎಂದರೆ ಸೊನ್ನೆ ಎಂದು ಹೇಳಿಕೊಟ್ಟಿರುತ್ತದೆ. ಆಗ ಅಪ್ಪಟ ಕಪ್ಪೂ ಬೂದಿಯಾಗಿ ಹೊಳೆಯುತ್ತದೆ, ಅದರೊಂದಿಗೆ ಹಲಗೆಗಳೂ. ಇದರ ತಿರುವುಮುರುವಾದರೆ, ಅಂದರೆ ಕಳಿಸುವ ಕಡೆ ಕಪ್ಪು ಸೊನ್ನೆಯಿದ್ದು ಟಿವಿ ಅದನ್ನು 16 ಎಂದುಕೊಂಡರೆ, ಕತ್ತಲೆಯ ಕೆಳಗಿನ ಮೆಟ್ಟಿಲುಗಳೆಲ್ಲ ಒಂದೇ ಮಸಿಯಲ್ಲಿ ಮುಚ್ಚಿಹೋಗುತ್ತವೆ. ಕಂಪನಿಗೊಂದು ಹೆಸರಿನಲ್ಲಿ ಇದಕ್ಕೆ ಆಯ್ಕೆ ಇದೆ. HDMI Black Level, Black Level, Video Range ಎಂದೆಲ್ಲ ಇರುತ್ತದೆ. ಎರಡೂ ಕಡೆ Auto ಅಥವಾ ಎರಡೂ ಕಡೆ Limited ಎಂದಿದ್ದರೆ ಸರಿಹೋಗುತ್ತದೆ. ಸ್ಯಾಮ್ಸಂಗ್ ಮತ್ತು ಎಲ್‌ಜಿ ಟಿವಿಗಳಲ್ಲಿ Limited ಬದಲು Low ಎಂದು ಬರೆದಿರುತ್ತದೆ.

ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದು

ಯಾವುದಾದರೂ ಕತ್ತಲ ದೃಶ್ಯದಲ್ಲಿ ಪಟ್ಟೆ ಕಂಡರೆ ಮೊದಲು ಅಲ್ಲೇ ನಿಲ್ಲಿಸಿ ಹತ್ತಿರದಿಂದ ನೋಡಬೇಕು. ಅಂಚುಗಳು ಮೂಲೆ ಮೂಲೆಯಾಗಿದ್ದರೆ, ವೀಡಿಯೊ ಓಡುವಾಗ ಒಂದೇ ಲಯದಲ್ಲಿ ಜಾಗ ಬದಲಿಸುತ್ತಿದ್ದರೆ ಅದು ಕಂಪ್ರೆಷನ್. ಅಂಚುಗಳು ಬಾಗಿದ್ದು, ದೃಶ್ಯದೊಂದಿಗೆ ನಯವಾಗಿ ಚಲಿಸುತ್ತಿದ್ದರೆ ಅದು ಮೆಟ್ಟಿಲುಗಳ ಕೊರತೆ. ಅದು 8 ಬಿಟ್ ವೀಡಿಯೊದಿಂದಲೂ ಬರಬಹುದು, ಟಿವಿ ಮೆಟ್ಟಿಲುಗಳನ್ನು ಹಿಗ್ಗಿಸಿದ್ದರಿಂದಲೂ ಬರಬಹುದು. ದೃಶ್ಯ ಬದಲಾದರೂ ಪರದೆಯ ಅದೇ ಜಾಗದಲ್ಲಿ ಉದ್ದುದ್ದ ಗೆರೆಗಳು ಕೂತಿದ್ದರೆ ಅದು ಪರದೆಯದೇ ದೋಷ. ಯಾವ ಸೆಟ್ಟಿಂಗ್ ಬದಲಿಸಿದರೂ ಹೋಗದು.

ಎರಡನೆಯ ಪರೀಕ್ಷೆ, ಕಪ್ಪಿನಿಂದ ಬೂದಿಗೆ ನಯವಾಗಿ ಏರುವ ಒಂದು ಸ್ಥಿರಚಿತ್ರವನ್ನು ಪೆನ್‌ಡ್ರೈವ್‌ನಿಂದ ಟಿವಿಗೆ ಕೊಡುವುದು. ಇಲ್ಲಿ ಸ್ಟ್ರೀಮಿಂಗ್ ಇಲ್ಲ. ಇಲ್ಲೂ ಅಗಲವಾದ ಪಟ್ಟೆಗಳು ಕಂಡರೆ ಟಿವಿಯ ಚಿತ್ರ ವಿಧಾನವನ್ನು Vividನಿಂದ Cinema ಅಥವಾ Filmmaker Modeಗೆ ಬದಲಿಸಿ ಮತ್ತೆ ನೋಡಬೇಕು. ಚಿತ್ರ ತಯಾರಕರು ಉದ್ದೇಶಿಸಿದ ರೀತಿಯಲ್ಲೇ ಟಿವಿ ತೋರಿಸಬೇಕೆಂದು ಯುಎಚ್‌ಡಿ ಅಲಯನ್ಸ್ ಎಂಬ ಒಕ್ಕೂಟ Filmmaker Mode ಅನ್ನು ಘೋಷಿಸಿದ್ದು 2019ರ ಆಗಸ್ಟ್‌ನಲ್ಲಿ. ಅದನ್ನು ಒತ್ತಿದರೆ ಚಿತ್ರವನ್ನು ತಿದ್ದುವ ಬಹುತೇಕ ಸಂಸ್ಕರಣೆಗಳು ಒಟ್ಟಿಗೇ ನಿಲ್ಲುತ್ತವೆ.

ಸ್ಥಿರಚಿತ್ರ ನಯವಾಗಿ ಕಂಡು, ಚಲನಚಿತ್ರ ಮಾತ್ರ ಒಡೆಯುತ್ತಿದ್ದರೆ ಬರುತ್ತಿರುವ ವೀಡಿಯೊದತ್ತ ತಿರುಗಬೇಕು. ಯೂಟ್ಯೂಬ್‌ನಲ್ಲಿ Stats for nerds ಎಂಬ ಆಯ್ಕೆ ಯಾವ ಗುಣಮಟ್ಟ ಬರುತ್ತಿದೆ ಎಂದು ತೋರಿಸುತ್ತದೆ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ನೆಟ್‌ಫ್ಲಿಕ್ಸ್ ನೋಡುವಾಗ Ctrl+Alt+Shift+D ಒತ್ತಿದರೆ ಬಿಟ್‌ರೇಟ್ ಕಾಣುತ್ತದೆ. ಅದೇ ಖಾತೆಯ ಡೇಟಾ ಬಳಕೆಯ ಆಯ್ಕೆ ಕಡಿಮೆಯ ಕಡೆ ಇದ್ದರೆ, ಮನೆಯಲ್ಲಿ ಎಷ್ಟೇ ವೇಗದ ಸಂಪರ್ಕವಿದ್ದರೂ ಸೇವೆ ಸಣ್ಣ ಕಡತವನ್ನೇ ಕಳಿಸುತ್ತದೆ. ಈ ಆಯ್ಕೆಯನ್ನು ಹಿಂದೆಂದೋ ಮೊಬೈಲ್ ಡೇಟಾ ಉಳಿಸಲು ಬದಲಿಸಿ ಮರೆತವರು ಬಹಳ. ಕಂತು ಶುರುವಾದ ಮೊದಲ ಅರ್ಧ ನಿಮಿಷದಲ್ಲಿ ಸೇವೆ ಕಡಿಮೆ ಗುಣಮಟ್ಟದಿಂದ ಆರಂಭಿಸಿ ಮೇಲೇರುವುದೂ ಉಂಟು; ಆಗ ಕಂಡ ಚೌಕಗಳನ್ನು ಲೆಕ್ಕಕ್ಕೆ ಹಿಡಿಯಬಾರದು.

ಟಿವಿಯಲ್ಲಿ ಒಂದು ಸಹಾಯವೂ ಇದೆ. ಸೋನಿ, ಎಲ್‌ಜಿ ಟಿವಿಗಳಲ್ಲಿ Smooth Gradation ಎಂಬ ಆಯ್ಕೆ ಸಪಾಟಾದ ಪಟ್ಟೆಗಳನ್ನು ಗುರುತಿಸಿ ಅವುಗಳ ಅಂಚನ್ನು ಕರಗಿಸಲು ನೋಡುತ್ತದೆ. Low ಮಟ್ಟದಲ್ಲಿ ಇದರಿಂದ ಉಪಯೋಗವಾಗುತ್ತದೆ. High ಇಟ್ಟರೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ, ಉಳಿದಿದ್ದ ಅಷ್ಟಿಷ್ಟು ಗ್ರೇನನ್ನೂ ಪಟ್ಟೆಯೆಂದೇ ತಿಳಿದು ಉಜ್ಜಿಹಾಕುತ್ತದೆ, ಮುಖಗಳು ಮೇಣದಂತಾಗುತ್ತವೆ.

ಕಳಿಸುವ ತುದಿಯಲ್ಲಿ ಬದಲಾಗುತ್ತಿರುವುದು

ವೀಡಿಯೊದ ಗುಣಮಟ್ಟ ಅಳೆಯಲು ನೆಟ್‌ಫ್ಲಿಕ್ಸ್ ಬಳಸುವ ವಿಮ್ಯಾಫ್ ಎಂಬ ಮಾಪಕ ಪಟ್ಟೆಗಳ ವಿಷಯದಲ್ಲಿ ಕುರುಡಾಗಿತ್ತು. ಸಂಖ್ಯೆಗಳ ವ್ಯತ್ಯಾಸ ಸಣ್ಣದಾದ್ದರಿಂದ ಪಟ್ಟೆ ಪಟ್ಟೆಯಾದ ಆಕಾಶಕ್ಕೂ ಅದು ಒಳ್ಳೆಯ ಅಂಕವನ್ನೇ ಕೊಡುತ್ತಿತ್ತು. ಈ ಕೊರತೆ ನೀಗಲು ಕಂಪನಿಯ ಎಂಜಿನಿಯರುಗಳು 2021ರಲ್ಲಿ ಕ್ಯಾಂಬಿ ಎಂಬ ಬೇರೊಂದು ಮಾಪಕವನ್ನು ಹೊರತಂದರು. ಪಟ್ಟೆಯಿಲ್ಲದ ಚಿತ್ರಕ್ಕೆ ಅದು ಸೊನ್ನೆ ಕೊಡುತ್ತದೆ. ಅಂಕ ಐದರ ಸುತ್ತ ಬಂದಾಗ ನೋಡುಗನಿಗೆ ಕಿರಿಕಿರಿ ಶುರುವಾಗುತ್ತದೆ ಎಂಬುದು ಅವರ ಅಂದಾಜು. ಅಳೆಯಲು ಸಾಧ್ಯವಾದ ಮೇಲೆ, ಅಂಕ ಹೆಚ್ಚಿರುವ ದೃಶ್ಯಗಳಿಗೆ ಹೆಚ್ಚು ಬಿಟ್ಟು ಕೊಡುವುದೂ ಸಾಧ್ಯವಾಗುತ್ತದೆ. ಎಕ್ಸ್264 ಎಂಬ ಪ್ರಸಿದ್ಧ ಎನ್‌ಕೋಡರ್‌ನಲ್ಲಿ ಕತ್ತಲ ಭಾಗಗಳಿಗೆ ಬೇಕೆಂದೇ ಹೆಚ್ಚು ಬಿಟ್ಟು ಹಂಚುವ aq-mode 3 ಎಂಬ ಆಯ್ಕೆಯೇ ಇದೆ.

ಇದಕ್ಕಿಂತ ದೊಡ್ಡ ಬದಲಾವಣೆ ಬಂದದ್ದು 2018ರಲ್ಲಿ ಪ್ರಕಟವಾದ ಎವಿ1 ವಿಧಾನದಿಂದ. ಅದರ ಮೂಲ ಪ್ರೊಫೈಲಿನಲ್ಲೇ 10 ಬಿಟ್ ಸೇರಿದೆ; ಎವಿ1 ಓದಬಲ್ಲ ಟಿವಿ 10 ಬಿಟ್ಟನ್ನೂ ಓದಲೇಬೇಕು. ಗ್ರೇನಿನ ಸಮಸ್ಯೆಗೂ ಅದರಲ್ಲೊಂದು ಜಾಣ ಪರಿಹಾರವಿದೆ. ಕಾಳನ್ನು ಕುಗ್ಗಿಸಿ ಕಳಿಸುವ ಬದಲು ಎನ್‌ಕೋಡರ್ ಅದನ್ನು ಮೊದಲೇ ಬೇರ್ಪಡಿಸಿ, ಕಾಳು ಎಷ್ಟು ದಪ್ಪ, ಎಷ್ಟು ಒತ್ತು, ಯಾವ ಬೆಳಕಿನಲ್ಲಿ ಎಷ್ಟು ಎಂಬ ಕೆಲವೇ ಸಂಖ್ಯೆಗಳನ್ನು ವೀಡಿಯೊದ ಜೊತೆಗೆ ಕಳಿಸುತ್ತದೆ. ಮನೆಯ ಟಿವಿ ಆ ವಿವರ ಓದಿ, ಅದೇ ಗುಣದ ಹೊಸ ಕಾಳನ್ನು ತಯಾರಿಸಿ ಚಿತ್ರದ ಮೇಲೆ ಉದುರಿಸುತ್ತದೆ. ರಾಬರ್ಟ್ಸ್ ಬೆರೆಸಿದ ಗದ್ದಲವನ್ನು ಈಗ ದಾರಿಯ ಕೊನೆಯಲ್ಲಿ, ಎನ್‌ಕೋಡರ್ ಕೈಗೆ ಸಿಗದ ಜಾಗದಲ್ಲಿ ಬೆರೆಸಿದಂತಾಯಿತು. ನೆಟ್‌ಫ್ಲಿಕ್ಸ್ 2025ರಲ್ಲಿ ಇದನ್ನು ವ್ಯಾಪಕವಾಗಿ ಬಳಕೆಗೆ ತಂದಿತು.

ಆದರೆ ಇದರ ಲಾಭ ಸಿಗುವುದು ಎವಿ1 ಓದುವ ಚಿಪ್ ಇರುವ ಟಿವಿ, ಸ್ಟಿಕ್ ಅಥವಾ ಫೋನಿಗೆ ಮಾತ್ರ. ಆ ಚಿಪ್ ಇಲ್ಲದ ಹಳೆಯ ಟಿವಿಗೆ ಅದೇ ಚಿತ್ರದ ಹಳೆಯ ವಿಧಾನದ ಪ್ರತಿ ಹೋಗುತ್ತದೆ, ಎಚ್‌ಡಿಯಲ್ಲಿ ಬಹುತೇಕ 8 ಬಿಟ್ಟಿನ ಎಚ್.264. ಟಿವಿ ಬದಲಿಸದೆ ಎವಿ1 ಓದಬಲ್ಲ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಸಿಕ್ಕಿಸಿದರೂ ಈ ಹೊಸ ಪ್ರತಿ ಸಿಗಬಹುದು. ಕೊಳ್ಳುವ ಮೊದಲು ಪೆಟ್ಟಿಗೆಯ ಮೇಲಿನ ವಿವರಪಟ್ಟಿಯಲ್ಲಿ AV1 ಎಂಬ ಅಕ್ಷರಗಳಿವೆಯೇ ಎಂದು ನೋಡಿಕೊಳ್ಳಬೇಕು, ಸಿಕ್ಕಿಸಿದ ಮೇಲೆ ಎಚ್‌ಡಿಎಂಐ ಕಪ್ಪಿನ ಮಟ್ಟ ಎರಡೂ ಕಡೆ ಹೊಂದಿಕೆಯಾಗಿದೆಯೇ ಎಂದು ಒಮ್ಮೆ ಪರೀಕ್ಷಿಸಬೇಕು.